ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ: ಪೈರನೋಮೀಟರಿನ ಗುಣಕ ಬದಲಿಸಬೇಕಾ?

ಹಾಸನ_ಮೇಂಟೆನೆನ್ಸ್ | ಫೆಬ್ರವರಿ 7, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಹಾಸನದ ಹೊರವಲಯದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ. ಗೋಡೌನ್ ಶೀಟಿನ ಮೇಲೆ ಸೋಲಾರ್ ಇದೆ. ಪಕ್ಕದಲ್ಲಿ ಬಿಸಿಲು ಅಳೆಯುವ ಒಂದು ಪೈರನೋಮೀಟರ್, ಬಿ ವರ್ಗದ್ದು, ಮಟ್ಟವಾಗಿ ಕೂರಿಸಿದ್ದು. ಪ್ಲಾಂಟ್ ನೋಡಿಕೊಳ್ಳುವ ಕಂಪನಿಯವರು ಕಳಿಸುವ ರಿಪೋರ್ಟ್‌ನಲ್ಲಿ, ಬಿದ್ದ ಬಿಸಿಲಿಗೆ ತಕ್ಕಷ್ಟು ಕರೆಂಟ್ ಬರುತ್ತಿದೆಯಾ ಅಂತ ಹೇಳುವ ಪರ್ಫಾರ್ಮೆನ್ಸ್ ರೇಶಿಯೋ 81 ಅಂತ ಬರುತ್ತಿದೆ. ಒಪ್ಪಂದದಲ್ಲಿ 80 ಇರಬೇಕು. ಯೂನಿಟ್ ನೋಡಿದರೆ ನಮ್ಮ ಯಜಮಾನರಿಗೆ ನಂಬಿಕೆ ಬರುತ್ತಿಲ್ಲ. ಪೈರನೋಮೀಟರ್ ಕಡಿಮೆ ತೋರಿಸಿದರೆ ರೇಶಿಯೋ ಮೇಲೆ ಹೋಗುತ್ತೆ ಅಲ್ವಾ, ಅದನ್ನು ಪರೀಕ್ಷಿಸಿ ಎಂದರು.

ಪರಿಚಯದ ಇಂಜಿನಿಯರಿಂಗ್ ಕಾಲೇಜಿನಿಂದ ಎ ವರ್ಗದ ಪೈರನೋಮೀಟರ್ ಎರವಲು ತಂದೆ. ಹೋದ ವರ್ಷ ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯಲ್ಲಿ ಕ್ಯಾಲಿಬ್ರೇಟ್ ಆಗಿರುವುದು. ನಮ್ಮದರ ಪಕ್ಕದಲ್ಲೇ, ಅದೇ ಎತ್ತರದಲ್ಲಿ, ರಸಮಟ್ಟ ನೋಡಿ, ಗಾಜು ಒರೆಸಿ ಇಟ್ಟೆ. ನಮ್ಮದನ್ನು ಮುಟ್ಟಲಿಲ್ಲ, ಇದ್ದ ಹಾಗೇ ಬಿಟ್ಟೆ. ನಿನ್ನೆ ಆಕಾಶ ಹೆಚ್ಚುಕಡಿಮೆ ಇಡೀ ದಿನ ಸ್ವಚ್ಛವಿತ್ತು. ಹತ್ತು ನಿಮಿಷದ ಸರಾಸರಿ ತೆಗೆದು, ನಮ್ಮದನ್ನು ಕಾಲೇಜಿನದರಿಂದ ಭಾಗಿಸಿದಾಗ ಬಂದದ್ದು:

```
 8:40   1.014
 9:40   0.998
10:40   0.989
12:40   0.970
14:40   0.951
15:40   0.934
16:40   0.906
```

ಸರಾಸರಿ 0.966. ಹಾಗಾದರೆ ಲಾಗರ್‌ನಲ್ಲಿ 1.035ರಿಂದ ಗುಣಿಸಿಬಿಟ್ಟರೆ ಮುಗಿಯಿತಾ? ಇಲ್ಲಾ ಸೆನ್ಸರ್ ಹೋಗಿದೆಯಾ? ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ ಯಾಕೆ ಅಂತಲೂ ಗೊತ್ತಾಗುತ್ತಿಲ್ಲ.

---

ಸೋಲಾರ್_ಸೀನ | ಫೆಬ್ರವರಿ 7, ರಾತ್ರಿ 9:42

ಗುರುಗಳೇ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಇದು ಧೂಳು. ಕ್ಯೂರಿಂಗ್ ವರ್ಕ್ಸ್ ಅಂದ ಮೇಲೆ ಈಗ ಹಲ್ಲಿಂಗ್ ಸೀಸನ್. ಹೊಟ್ಟು ಹಾರಿ ಹಾರಿ ಎಲ್ಲಾ ಕಡೆ ಕೂತಿರುತ್ತೆ. ಹಲ್ಲರ್ ಶೆಡ್ ನಿಮ್ಮ ಪೈರನೋಮೀಟರಿಗೆ ಪಶ್ಚಿಮಕ್ಕಿದೆಯಾ ನೋಡಿ. ಇದ್ದರೆ ಗಾಜಿನ ಪಶ್ಚಿಮದ ಮೈ ಮೇಲೆ ಜಾಸ್ತಿ ಹೊಟ್ಟು. ಬೆಳಿಗ್ಗೆ ಬಿಸಿಲು ಪೂರ್ವದಿಂದ, ಅಲ್ಲಿ ಗಾಜು ಚೊಕ್ಕ. ಸಂಜೆ ಬಿಸಿಲು ಪಶ್ಚಿಮದಿಂದ, ಅಲ್ಲಿ ಕೊಳೆ. ಅಷ್ಟೇ ಕಥೆ. ಒದ್ದೆ ಬಟ್ಟೆ ತಗೊಂಡು ಒರೆಸಿ, ನಾಳೆ 1.000 ಬರುತ್ತೆ.

---

ತೋಟದಮನೆ_ಮೂಡಿಗೆರೆ | ಫೆಬ್ರವರಿ 7, ರಾತ್ರಿ 10:05

ನಮ್ಮ ತೋಟದಲ್ಲಿ ಪಂಪಿಗೆ ಸೋಲಾರ್ ಹಾಕಿಸಿದ್ದೇವೆ. ನಮಗೂ ಸಂಜೆ ನೀರು ಕಡಿಮೆ. ಪ್ಯಾನೆಲ್ ಎಷ್ಟು ಡಿಗ್ರಿ ವಾಲಿಸಬೇಕು ಅನ್ನುವುದು ಮುಖ್ಯ. ನಮಗೆ 13 ಡಿಗ್ರಿ ಅಂದಿದ್ದರು, ಹಾಕಿದವರು 20ಕ್ಕೆ ನಿಲ್ಲಿಸಿ ಹೋದರು. ಬದಲಾಯಿಸಬೇಕಾ?

---

ಹಳೇ_ರೇಡಿಯೋಮೀಟರ್ | ಫೆಬ್ರವರಿ 7, ರಾತ್ರಿ 11:20

ತೋಟದಮನೆಯವರೇ, ಇಲ್ಲಿ ಮಾತು ಪ್ಯಾನೆಲ್ ಬಗ್ಗೆ ಅಲ್ಲ, ಬಿಸಿಲು ಅಳೆಯುವ ಸೆನ್ಸರ್ ಬಗ್ಗೆ. ನಿಮ್ಮ 20 ಡಿಗ್ರಿ ದಕ್ಷಿಣಕ್ಕೆ ಮುಖ ಮಾಡಿದ್ದರೆ ದೊಡ್ಡ ನಷ್ಟವಿಲ್ಲ, ಬೇಸಿಗೆಯಲ್ಲಿ ಸ್ವಲ್ಪ ಕಡಿಮೆ ಬರುತ್ತೆ ಅಷ್ಟೇ. ಸಂಜೆ ನೀರು ಕಡಿಮೆ ಅಂದರೆ ಮೊದಲು ಸಿಲ್ವರ್ ಓಕ್ ನೆರಳು ಬೀಳುತ್ತಿದೆಯಾ ನೋಡಿ.

ಹಾಸನದವರೇ, ನೀವು ಸರಾಸರಿ ತೆಗೆಯುವ ಮುಂಚೆ ಏಳೂ ಅಂಕಿಗಳನ್ನು ಇಲ್ಲಿ ಹಾಕಿದ್ದು ಒಳ್ಳೆಯದಾಯಿತು. ಬರೀ 0.966 ಹಾಕಿದ್ದರೆ ಯಾರೂ ಏನೂ ಹೇಳಲು ಆಗುತ್ತಿರಲಿಲ್ಲ. ಗುಣಕವನ್ನು ಈಗ ಮುಟ್ಟಬೇಡಿ.

ಮೊದಲು ಒಂದು ಲೆಕ್ಕ. ಹಾಸನದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12ಕ್ಕೆ ಅಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಹಾಸನ 76.1ರಲ್ಲಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ಸುಮಾರು 26 ನಿಮಿಷ ತಡ. ಫೆಬ್ರವರಿ ಮೊದಲ ವಾರದಲ್ಲಿ ಸೂರ್ಯನೇ ಇನ್ನೂ 14 ನಿಮಿಷ ಹಿಂದಿರುತ್ತಾನೆ. ಒಟ್ಟು 12:40. ನೀವು ಬೇಕೆಂದೇ ಆರಿಸಿದಿರೋ ಗೊತ್ತಿಲ್ಲ, ನಿಮ್ಮ ಹೊತ್ತುಗಳು ಸರಿಯಾಗಿ 12:40ರ ಎರಡೂ ಕಡೆ ಜೋಡಿ ಜೋಡಿಯಾಗಿ ಕೂತಿವೆ. 8:40ಕ್ಕೂ 16:40ಕ್ಕೂ ಸೂರ್ಯ ಒಂದೇ ಎತ್ತರದಲ್ಲಿ, ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ.

ಪ್ರತಿ ಜೋಡಿಯನ್ನು ಕೂಡಿಸಿ ಅರ್ಧ ಮಾಡಿ, ಕಳೆದು ಅರ್ಧ ಮಾಡಿ.

```
ಜೋಡಿ              (a+b)/2   (a-b)/2
 8:40 - 16:40     0.960     0.054
 9:40 - 15:40     0.966     0.032
10:40 - 14:40     0.970     0.019
12:40             0.970       -
```

ಈಗ ಒಂದು ಗೆರೆ ಎರಡಾಯಿತು. ಮಧ್ಯದ ಕಾಲಮ್ ಎರಡೂ ಕಡೆ ಸಮನಾಗಿರುವ ತಪ್ಪು. ಕೊನೆಯ ಕಾಲಮ್ ಪೂರ್ವ ಪಶ್ಚಿಮ ಭೇದ ಮಾಡುವ ತಪ್ಪು. ಎರಡಕ್ಕೂ ಕಾರಣ ಬೇರೆ ಬೇರೆ.

ಕೊನೆಯ ಕಾಲಮ್ ನೋಡಿ. ಮಧ್ಯಾಹ್ನ ಸೊನ್ನೆ, ಸೂರ್ಯ ಇಳಿದಷ್ಟೂ ಬೆಳೆಯುತ್ತಿದೆ. ಪೈರನೋಮೀಟರ್ ಪೂರ್ವಕ್ಕೆ ವಾಲಿದ್ದರೆ ಹೀಗೇ ಆಗಬೇಕು. ನಿಮ್ಮೂರಿನ ಅಕ್ಷಾಂಶಕ್ಕೆ ಲೆಕ್ಕ ಹಾಕಿದೆ. 8:40ಕ್ಕೆ ಸೂರ್ಯ ನೆತ್ತಿಯಿಂದ 66 ಡಿಗ್ರಿ ಕೆಳಗೆ. ಆಗ ಪೂರ್ವಕ್ಕೆ ಒಂದು ಡಿಗ್ರಿ ವಾಲಿದರೆ ನೇರ ಬಿಸಿಲು ಮೂರೂವರೆ ಪರ್ಸೆಂಟ್ ಜಾಸ್ತಿ ಕಾಣುತ್ತೆ. ಆ ಹೊತ್ತಿನ ಒಟ್ಟು ಬೆಳಕಿನಲ್ಲಿ ನೇರ ಬಿಸಿಲು ಮುಕ್ಕಾಲು ಭಾಗ, ಉಳಿದದ್ದು ಆಕಾಶದಿಂದ ಚದುರಿ ಬಂದದ್ದು. ಹಾಗಾಗಿ ಒಟ್ಟಿನಲ್ಲಿ ಡಿಗ್ರಿಗೆ ಸುಮಾರು 2.7 ಪರ್ಸೆಂಟ್. ನಿಮ್ಮದು 5.4. ಅಂದರೆ 2 ಡಿಗ್ರಿ. 9:40ರ ಲೆಕ್ಕಕ್ಕೂ 10:40ರ ಲೆಕ್ಕಕ್ಕೂ ಅದೇ 2 ಡಿಗ್ರಿ ಬರುತ್ತೆ. ಮೂರು ಜೋಡಿಯೂ ಒಂದೇ ಉತ್ತರ ಕೊಟ್ಟಾಗ ನನಗೆ ಧೈರ್ಯ.

ಹಾಗಂತ ಸೀನಣ್ಣನ ಮಾತನ್ನು ತಳ್ಳಿಹಾಕುತ್ತಿಲ್ಲ. ಒಂದೇ ಕಡೆ ಧೂಳು ಕೂತರೂ ಹೆಚ್ಚುಕಡಿಮೆ ಇದೇ ಆಕಾರ ಬರಬಹುದು. ಮಧ್ಯಾಹ್ನವೂ 3 ಪರ್ಸೆಂಟ್ ಕಡಿಮೆ ಇದೆಯಲ್ಲ, ಅದಕ್ಕೆ ಧೂಳೇ ಮೊದಲ ಗುಮಾನಿ. ಎರಡನ್ನೂ ಬೇರ್ಪಡಿಸಲು ಒಂದು ಉಪಾಯವಿದೆ. ರಸಮಟ್ಟ ಮುಟ್ಟಬೇಡಿ. ಸರಿಯಾಗಿ 12:40ರ ಹೊತ್ತಿಗೆ ಗಾಜು ಮಾತ್ರ ಒರೆಸಿ. ಆ ಹೊತ್ತಿನಲ್ಲಿ ಪೂರ್ವದ ವಾಲು ಏನೂ ಮಾಡುವುದಿಲ್ಲ, ಹಾಗಾಗಿ ಅನುಪಾತ ಎಷ್ಟು ಜಿಗಿಯುತ್ತೋ ಅಷ್ಟೂ ಧೂಳಿನದು. ಆಮೇಲೆ ಸಂಜೆಯ ಇಳಿಜಾರು ಮಾಯವಾದರೆ ಸೀನಣ್ಣ ಗೆದ್ದರು. ಉಳಿದರೆ ವಾಲು.

ಎರಡನ್ನೂ ಒಟ್ಟಿಗೆ ಸರಿಮಾಡಿದರೆ ಯಾವುದರದ್ದು ಎಷ್ಟು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

---

ಡೇಟಾ_ಮಂಜು | ಫೆಬ್ರವರಿ 8, ಬೆಳಿಗ್ಗೆ 7:15

ವಾಲು ಅಂತ ತೀರ್ಮಾನಿಸುವ ಮುಂಚೆ ಗಡಿಯಾರ ನೋಡಿ. ನಿಮ್ಮದು ಪ್ಲಾಂಟಿನ ಲಾಗರ್, ಕಾಲೇಜಿನದು ಬೇರೆ ಲಾಗರ್ ಇರಬೇಕು. ಸೂರ್ಯ 4 ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಪ್ಲಾಂಟಿನ ಗಡಿಯಾರ 8 ನಿಮಿಷ ಹಿಂದಿದ್ದರೆ, ಅದು 8:40 ಅಂದಾಗ ನಿಜವಾಗಿ 8:48. ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ. 2 ಡಿಗ್ರಿ ಪೂರ್ವಕ್ಕೆ ವಾಲಿದ ಹಾಗೇ ಕಾಣುತ್ತೆ. ನಾನು ನೋಡಿರುವ ಪ್ಲಾಂಟ್‌ಗಳಲ್ಲಿ ಲಾಗರ್ ಗಡಿಯಾರ ಸರಿ ಇರುವುದೇ ಅಪರೂಪ.

---

ಹಳೇ_ರೇಡಿಯೋಮೀಟರ್ | ಫೆಬ್ರವರಿ 8, ಬೆಳಿಗ್ಗೆ 8:02

ಮಂಜು ಹೇಳಿದ್ದು ನೂರಕ್ಕೆ ನೂರು ಸರಿ. ಅನುಪಾತ ನೋಡಿ ಗಡಿಯಾರವನ್ನೂ ವಾಲನ್ನೂ ಬೇರೆ ಮಾಡುವುದು ಕಷ್ಟ. ಮೋಡ ನೋಡಿ ಮಾಡಬಹುದು. ಒಂದೇ ಒಂದು ಮೋಡದ ತುಣುಕು ಸೂರ್ಯನನ್ನು ದಾಟಿದ್ದರೂ ಸಾಕು. ಪಕ್ಕಪಕ್ಕದ ಎರಡೂ ಸೆನ್ಸರ್ ಒಂದೇ ನಿಮಿಷದಲ್ಲಿ ಬಿದ್ದವಾ? ಹಾಗಿದ್ದರೆ ಗಡಿಯಾರ ಸರಿ. ನಿಮಿಷದ ದಾಖಲೆ ಬೇಕು, ಹತ್ತು ನಿಮಿಷದ ಸರಾಸರಿಯಲ್ಲಿ ಸಿಗುವುದಿಲ್ಲ.

---

ಚಿಕ್ಕಮಗಳೂರು_ಎಂಟೆಕ್ | ಫೆಬ್ರವರಿ 8, ಬೆಳಿಗ್ಗೆ 11:30

ನನ್ನದೂ ಇಂಥದ್ದೇ ತೊಂದರೆ, ಇಲ್ಲೇ ಕೇಳಬಹುದಾ? ಪ್ರಾಜೆಕ್ಟಿಗೆ ಚಿಕ್ಕ ಸಿಲಿಕಾನ್ ಸೆನ್ಸರ್ ತಗೊಂಡಿದ್ದೇನೆ. ಸ್ವಚ್ಛ ಬಿಸಿಲಿನ ದಿನ ನಮ್ಮ ಲ್ಯಾಬಿನ ಪೈರನೋಮೀಟರಿಗೆ ಹೊಂದಿಸಿ ಗುಣಕ ತೆಗೆದೆ. ಮೋಡ ಕವಿದ ದಿನ ಅದೇ ಗುಣಕ ಹಾಕಿದರೆ ನನ್ನ ಸೆನ್ಸರ್ ಕೆಲವು ಪರ್ಸೆಂಟ್ ಜಾಸ್ತಿ ತೋರಿಸುತ್ತೆ. ವಾಲಿಲ್ಲ, ಧೂಳಿಲ್ಲ, ಗಡಿಯಾರ ಒಂದೇ. ಗೈಡ್ ಇದನ್ನು ಬೆಳಕು ಓರೆಯಾಗಿ ಬಿದ್ದಾಗ ಬರುವ ಕೊಸೈನ್ ಎರರ್ ಅಂತಾರೆ. ಹೌದಾ?

---

ಹಳೇ_ರೇಡಿಯೋಮೀಟರ್ | ಫೆಬ್ರವರಿ 8, ಮಧ್ಯಾಹ್ನ 1:10

ಸ್ವಲ್ಪ ಮಟ್ಟಿಗೆ ಇರಬಹುದು ತಾಯಿ, ಮುಖ್ಯ ಕಾರಣ ಅದಲ್ಲ. ಪೈರನೋಮೀಟರ್ ಒಳಗಿನ ಕಪ್ಪು ತಟ್ಟೆ ಬಿಸಿಯಾಗುತ್ತೆ, ಆ ಬಿಸಿಯನ್ನೇ ಅಳೆಯುತ್ತೆ. ಬೆಳಕಿನ ಬಣ್ಣ ಯಾವುದಾದರೂ ಅದಕ್ಕೆ ಒಂದೇ. ಸಿಲಿಕಾನ್ 1100 ನ್ಯಾನೋಮೀಟರ್ ಆಚೆಗೆ ಕುರುಡು. ಮೋಡದ ನೀರು ಆಚೆಗಿನ ಇನ್‌ಫ್ರಾರೆಡ್ ಭಾಗವನ್ನೇ ಜಾಸ್ತಿ ಹೀರುತ್ತೆ. ಹಾಗಾಗಿ ಮೋಡದ ದಿನ ಕೆಳಗೆ ಬರುವ ಬೆಳಕಿನಲ್ಲಿ ಸಿಲಿಕಾನಿಗೆ ಕಾಣುವ ಪಾಲು ಹೆಚ್ಚು. ನಿಮ್ಮ ಗುಣಕ ಬಿಸಿಲಿನ ದಿನದ್ದು, ಅದಕ್ಕೇ ಜಾಸ್ತಿ ತೋರಿಸುತ್ತೆ. ಜೂನ್ ಬಂದ ಮೇಲೆ ನಿಮ್ಮೂರಿನಲ್ಲಿ ತಿಂಗಳುಗಟ್ಟಲೆ ಮೋಡ. ಬಿಸಿಲಿಗೊಂದು, ಮೋಡಕ್ಕೊಂದು ಗುಣಕ ಇಟ್ಟುಕೊಳ್ಳಿ, ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹಾಗಂತ ಬರೆಯಿರಿ.

---

ಹಾಸನ_ಮೇಂಟೆನೆನ್ಸ್ | ಫೆಬ್ರವರಿ 9, ರಾತ್ರಿ 8:45

ಎರಡು ದಿನದ ಸುದ್ದಿ ಒಟ್ಟಿಗೆ.

ಗಡಿಯಾರ: 6ನೇ ತಾರೀಕು ಹನ್ನೆರಡಕ್ಕೆ ಸ್ವಲ್ಪ ಮುಂಚೆ ಒಂದು ಮೋಡ ದಾಟಿತ್ತು. ನಿಮಿಷದ ದಾಖಲೆ ತೆಗೆಸಿ ನೋಡಿದೆ. ಎರಡೂ ಒಂದೇ ನಿಮಿಷ ಬಿದ್ದಿವೆ, ಒಂದೇ ನಿಮಿಷ ಎದ್ದಿವೆ. ಗಡಿಯಾರದ ತಪ್ಪಿಲ್ಲ.

ಧೂಳು: ಇವತ್ತು ಊಟಕ್ಕೆ ಮುಂಚೆ ಮೇಲೆ ಹೋಗಿ ಗಾಜು ಒರೆಸಿದೆ. ಡಿಸ್ಟಿಲ್ಡ್ ವಾಟರ್, ಮೆತ್ತನೆ ಬಟ್ಟೆ. ಗಾಜಿನ ಮೇಲೆ ಸಣ್ಣ ಕಂದು ಪುಡಿ ಇತ್ತು, ಬುಡದಲ್ಲಿ ಒಂದು ಉಂಗುರದ ಹಾಗೆ ಗಟ್ಟಿಯಾಗಿತ್ತು. ರಾತ್ರಿ ಇಬ್ಬನಿ ಇಳಿದು ಒಣಗಿದ್ದು ಅಂತ ಕಾಣುತ್ತೆ. ಒರೆಸುವ ಮುಂಚೆ 0.970, ಒರೆಸಿದ ಮೇಲೆ 0.992.

ಸಂಜೆ: ಇಳಿಜಾರು ಹೋಗಲಿಲ್ಲ. 15:40ಕ್ಕೆ 0.956, 16:40ಕ್ಕೆ 0.929. ಮಧ್ಯಾಹ್ನ ಜಿಗಿದಷ್ಟೇ ಎಲ್ಲವೂ ಮೇಲೆ ಬಂದಿವೆ, ಗೆರೆಯ ಓರೆ ಹಾಗೇ ಇದೆ.

ರಸಮಟ್ಟದ ಗುಳ್ಳೆ ನೋಡಿದೆ. ಉಂಗುರದಿಂದ ಪೂರ್ತಿ ಹೊರಗೆ, ಪಶ್ಚಿಮದ ಕಡೆಗೆ ಹೋಗಿ ಅಂಟಿಕೊಂಡಿದೆ. ಅಂದರೆ ಪಶ್ಚಿಮಕ್ಕೆ ವಾಲಿದೆ ಅಂತ ಆಯಿತಲ್ಲ? ನಿಮ್ಮ ಲೆಕ್ಕ ಪೂರ್ವ ಅನ್ನುತ್ತೆ. ಇಲ್ಲಿ ಗೊಂದಲವಾಯಿತು.

---

ಸೋಲಾರ್_ಸೀನ | ಫೆಬ್ರವರಿ 9, ರಾತ್ರಿ 9:00

ಗುಳ್ಳೆ ಪಶ್ಚಿಮಕ್ಕೆ ಹೋದರೆ ಪಶ್ಚಿಮದ ಕಡೆ ಎತ್ತರ ಅಂತ ಅರ್ಥ. ಗಾಳಿ ಮೇಲಕ್ಕೆ ಹೋಗುತ್ತೆ ಸ್ವಾಮಿ. ಪೂರ್ವ ತಗ್ಗಿದೆ, ಮುಖ ಪೂರ್ವಕ್ಕೆ. ಗಾರೆ ಕೆಲಸದವರನ್ನು ಕೇಳಿದರೂ ಹೇಳ್ತಾರೆ.

ಧೂಳು 2.2 ಪರ್ಸೆಂಟ್ ಕೊಟ್ಟಿತು ನೋಡಿ. ನಾನು ಹೇಳಿದ್ದೂ ಸುಳ್ಳಾಗಲಿಲ್ಲ 🙂

---

ತೋಟದಮನೆ_ಮೂಡಿಗೆರೆ | ಫೆಬ್ರವರಿ 9, ರಾತ್ರಿ 9:35

ಒಂದು ಮಾತು. ನಿಮ್ಮ ಸೆನ್ಸರ್ ಕಂಬ ಶೀಟಿನ ಮೇಲೇ ಕೂತಿದೆಯಾ? ನಮ್ಮ ಗೋಡೌನ್ ಶೀಟ್ ಮಧ್ಯಾಹ್ನ ಕಾದು ಟಕ್ ಟಕ್ ಅನ್ನುತ್ತೆ, ಉಬ್ಬುತ್ತೆ, ಸಂಜೆ ಮತ್ತೆ ಇಳಿಯುತ್ತೆ. ಬೆಳಿಗ್ಗೆ ಮಟ್ಟ ಮಾಡಿದ್ದು ಮಧ್ಯಾಹ್ನ ಮಟ್ಟ ಇರುತ್ತೆ ಅನ್ನುವ ಗ್ಯಾರಂಟಿ ಏನು?

---

ಹಳೇ_ರೇಡಿಯೋಮೀಟರ್ | ಫೆಬ್ರವರಿ 9, ರಾತ್ರಿ 10:50

ತೋಟದಮನೆಯವರು ಒಳ್ಳೇ ಪ್ರಶ್ನೆ ಎತ್ತಿದರು. ಶೀಟಿನ ಮೇಲಿದ್ದರೆ ಬಿಚ್ಚಿ ಗೋಡೆಗೋ ಕಾಂಕ್ರೀಟಿಗೋ ಹಾಕಿ. ಆಗದಿದ್ದರೆ ಬೆಳಿಗ್ಗೆ ಎಂಟಕ್ಕೂ ಮಧ್ಯಾಹ್ನ ಒಂದಕ್ಕೂ ಗುಳ್ಳೆ ನೋಡಿ ಫೋಟೋ ತೆಗೆಯಿರಿ.

ಮಟ್ಟ ಮಾಡುವಾಗ ಒಂದು ಎಚ್ಚರ. ಕೆಳಗೆ ಮೂರು ಕಾಲು ಇರುತ್ತವೆ, ಒಂದು ಗಟ್ಟಿ, ಎರಡು ತಿರುಗಿಸುವಂಥವು. ಗುಳ್ಳೆ ಮಧ್ಯಕ್ಕೆ ತಂದ ಮೇಲೆ ಬೋಲ್ಟ್ ಬಿಗಿ ಮಾಡುತ್ತೀರಲ್ಲ, ಆಗಲೇ ಅದು ಮತ್ತೆ ಓಡುವುದು. ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡದೆ ಇಳಿಯಬೇಡಿ.

ಇನ್ನೊಂದು, ಎಲ್ಲರೂ ಮರೆಯುವಂಥದ್ದು. ಪೂರ್ವ ಪಶ್ಚಿಮದ ವಾಲು ಜೋಡಿ ಲೆಕ್ಕದಲ್ಲಿ ಸಿಕ್ಕಿಬೀಳುತ್ತೆ. ಉತ್ತರ ದಕ್ಷಿಣದ ವಾಲು ಸಿಕ್ಕಿಬೀಳುವುದಿಲ್ಲ. ಈಗ ಸೂರ್ಯ ದಿನವಿಡೀ ದಕ್ಷಿಣದ ಕಡೆಗೇ ಇದ್ದಾನೆ. ಸೆನ್ಸರ್ ಉತ್ತರಕ್ಕೆ ಒಂದು ಡಿಗ್ರಿ ವಾಲಿದ್ದರೆ ಮಧ್ಯಾಹ್ನ ಮುಕ್ಕಾಲು ಪರ್ಸೆಂಟಿನಷ್ಟು ಕಡಿಮೆ, ಸೂರ್ಯ ಇಳಿದಾಗ ಒಂದಕ್ಕಿಂತ ಜಾಸ್ತಿ ಕಡಿಮೆ, ಅದೂ ಬೆಳಿಗ್ಗೆ ಸಂಜೆ ಎರಡೂ ಕಡೆ ಸಮನಾಗಿ. ನೋಡಲು ಥೇಟ್ ಕೊಸೈನ್ ಎರರ್. ಮೊದಲ ದಿನದ ಜೋಡಿ ಪಟ್ಟಿಯಲ್ಲಿ ಮಧ್ಯದ ಕಾಲಮ್ 0.970ರಿಂದ 0.960ಕ್ಕೆ ಇಳಿದಿತ್ತಲ್ಲ, ಅದು ಕೊಸೈನಿನದೋ, ಉತ್ತರದ ವಾಲಿನದೋ, ಬುಡದ ಉಂಗುರದ್ದೋ ಅಂತ ಮಟ್ಟ ಮಾಡುವ ತನಕ ಹೇಳಲಾಗುವುದಿಲ್ಲ.

---

ಹಾಸನ_ಮೇಂಟೆನೆನ್ಸ್ | ಫೆಬ್ರವರಿ 12, ರಾತ್ರಿ 9:20

ಕಂಬ ಶೀಟಿನ ಮೇಲೇ ಇತ್ತು. ಪ್ಯಾರಾಪೆಟ್ ಗೋಡೆಗೆ ಬ್ರಾಕೆಟ್ ಮಾಡಿಸಿ ಅಲ್ಲಿಗೆ ಸಾಗಿಸಿದೆ, ಕಾಲೇಜಿನದನ್ನೂ ಪಕ್ಕಕ್ಕೆ ತಂದೆ. ಬಿಗಿ ಮಾಡಿದ ಮೇಲೆ ನಿಜವಾಗಲೂ ಗುಳ್ಳೆ ಓಡಿತು, ಮತ್ತೆ ಸರಿ ಮಾಡಿದೆ. ಎರಡೂ ಗಾಜು ಒರೆಸಿದೆ. ಇವತ್ತು ಚೊಕ್ಕ ಬಿಸಿಲು.

```
 8:40   0.985
 9:40   0.989
10:40   0.992
12:40   0.992
14:40   0.991
15:40   0.986
16:40   0.981
```

ಓರೆ ಹೋಯಿತು! ಈಗ 0.992 ಅಂದರೆ 0.8 ಪರ್ಸೆಂಟ್ ಕಡಿಮೆ. ಇದಕ್ಕಾದರೂ ಗುಣಕ ಬದಲಿಸಬೇಕಾ? ಬೆಳಿಗ್ಗೆ ಸಂಜೆ ಇನ್ನೂ ಒಂದು ಪರ್ಸೆಂಟ್ ಇಳಿಯುತ್ತಿರುವುದು ಕೊಸೈನ್ ಎರರ್ ತಾನೇ?

---

ಹಳೇ_ರೇಡಿಯೋಮೀಟರ್ | ಫೆಬ್ರವರಿ 12, ರಾತ್ರಿ 10:30

ಬದಲಿಸಬೇಡಿ. ಕಾಲೇಜಿನ ಸೆನ್ಸರ್ ಸರ್ಟಿಫಿಕೇಟ್ ತೆಗೆದು ನೋಡಿ, ಅದರ ಅನಿಶ್ಚಿತತೆ ಒಂದೂವರೆ ಎರಡು ಪರ್ಸೆಂಟ್ ಅಂತ ಇರುತ್ತೆ. ನಿಮ್ಮದರ ಸರ್ಟಿಫಿಕೇಟಿನಲ್ಲೂ ಅಂಥದ್ದೇ ಒಂದು ಅಂಕಿ. ಇಬ್ಬರೂ ಅಷ್ಟು ಅನುಮಾನದಲ್ಲಿರುವಾಗ 0.8 ಪರ್ಸೆಂಟ್ ವ್ಯತ್ಯಾಸ ಜಗಳವಲ್ಲ, ಒಪ್ಪಿಗೆ. ಕ್ಯಾಲಿಬ್ರೇಶನ್ನಿನ ಐಎಸ್‌ಒ 9847 ಪ್ರಕಾರ ಮಾಡುವವರು ಒಂದು ದಿನದ ಏಳು ಅಂಕಿ ಇಟ್ಟುಕೊಂಡು ಗುಣಕ ತೆಗೆಯುವುದೂ ಇಲ್ಲ. ಹಲವು ದಿನ, ನೂರಾರು ಓದು, ಮೋಡದ ಹೊತ್ತು ತೆಗೆದುಹಾಕಿ, ಆಮೇಲೆ.

ಮೊದಲ ದಿನವೇ 1.035 ಹಾಕಿದ್ದರೆ ಏನಾಗುತ್ತಿತ್ತು ನೋಡಿ. ಧೂಳು ಒರೆಸಿ ಮಟ್ಟ ಮಾಡಿದ ದಿನ ನಿಮ್ಮ ಸೆನ್ಸರ್ 2.7 ಪರ್ಸೆಂಟ್ ಜಾಸ್ತಿ ತೋರಿಸುತ್ತಿತ್ತು. ಪಾಪ ಪ್ಲಾಂಟಿನವರ ರೇಶಿಯೋ ಕಾರಣವಿಲ್ಲದೆ ಬೀಳುತ್ತಿತ್ತು.

ಕೊಸೈನ್ ಬಗ್ಗೆ. ಸೂರ್ಯ ಓರೆಯಾದಾಗ ಕಪ್ಪು ತಟ್ಟೆ ಸ್ವಲ್ಪ ಕಡಿಮೆ ಹೀರುತ್ತೆ, ಗಾಜಿನ ದಪ್ಪದ ಸಣ್ಣ ಏರುಪೇರೂ ಸೇರುತ್ತೆ. ಬಿ ವರ್ಗದವರಿಗೆ ಕೊಟ್ಟಿರುವ ಮಿತಿ ಏನೆಂದರೆ, 1000 ವ್ಯಾಟ್ ನೇರ ಬಿಸಿಲು ಯಾವ ಕೋನದಿಂದ ಬಂದರೂ ತಪ್ಪು 20 ವ್ಯಾಟ್ ದಾಟಬಾರದು. 66 ಡಿಗ್ರಿಯಲ್ಲಿ ಆ ಸಾವಿರ ವ್ಯಾಟ್ ಮಟ್ಟದ ತಟ್ಟೆಗೆ ಬರೀ 407 ಆಗುತ್ತೆ. 407ರಲ್ಲಿ 20 ಅಂದರೆ ಹತ್ತಿರ ಹತ್ತಿರ 5 ಪರ್ಸೆಂಟ್. ನಿಮ್ಮದು ಒಂದು ಪರ್ಸೆಂಟ್ ಮಾತ್ರ ಇಳಿದಿದೆ. ಒಳ್ಳೇ ಸೆನ್ಸರ್ ಸಿಕ್ಕಿದೆ ನಿಮಗೆ.

---

ಡೇಟಾ_ಮಂಜು | ಫೆಬ್ರವರಿ 13, ಬೆಳಿಗ್ಗೆ 6:50

ಆ ಒಂದು ಪರ್ಸೆಂಟ್ ಪೂರ್ತಿ ಕೊಸೈನ್ ಅಂತ ನಾನು ಒಪ್ಪುವುದಿಲ್ಲ. ಹಾಸನದವರೇ, ರಾತ್ರಿ ಎರಡೂ ಸೆನ್ಸರ್ ಎಷ್ಟು ತೋರಿಸುತ್ತವೆ?

---

ಹಾಸನ_ಮೇಂಟೆನೆನ್ಸ್ | ಫೆಬ್ರವರಿ 13, ಬೆಳಿಗ್ಗೆ 9:15

ನಮ್ಮದು ಮೈನಸ್ 3 ವ್ಯಾಟ್, ಕಾಲೇಜಿನದು ಮೈನಸ್ 1. ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

---

ಡೇಟಾ_ಮಂಜು | ಫೆಬ್ರವರಿ 13, ಬೆಳಿಗ್ಗೆ 9:40

ಅದೇ. ಗಾಜು ತಣ್ಣನೆಯ ಆಕಾಶಕ್ಕೆ ಬಿಸಿ ಬಿಡುತ್ತೆ, ಒಳಗಿನ ತಟ್ಟೆ ಗಾಜಿಗೆ ಬಿಡುತ್ತೆ, ಓದು ಸೊನ್ನೆಗಿಂತ ಕೆಳಗೆ ಹೋಗುತ್ತೆ. ಹಗಲಲ್ಲೂ ಇದು ನಡೆಯುತ್ತಲೇ ಇರುತ್ತೆ, ಬಿಸಿಲಿನ ಅಂಕಿಯಲ್ಲಿ ಮುಚ್ಚಿಹೋಗಿರುತ್ತೆ ಅಷ್ಟೇ. ನಿಮ್ಮಿಬ್ಬರ ನಡುವೆ 2 ವ್ಯಾಟ್ ಅಂತರ. ಮಧ್ಯಾಹ್ನದ 900ರಲ್ಲಿ ಅದು 0.2 ಪರ್ಸೆಂಟ್. ಬೆಳಿಗ್ಗೆಯ 390ರಲ್ಲಿ 0.5 ಪರ್ಸೆಂಟ್. ಸೂರ್ಯ ಇಳಿದಾಗ ಅನುಪಾತ ಇಳಿಯುವುದರಲ್ಲಿ 0.3 ಪರ್ಸೆಂಟ್ ಇದರದೇ. ಹಗಲಲ್ಲಿ ಅಂತರ ಇನ್ನೂ ಜಾಸ್ತಿಯಾದರೆ ಅರ್ಧಕ್ಕಿಂತ ಹೆಚ್ಚು ಇದರದೇ ಆಗುತ್ತೆ. ರಾತ್ರಿಯ ಸೊನ್ನೆಯನ್ನು ಹಗಲಿನ ಓದಿನಿಂದ ಕಳೆಯಿರಿ ಅಂತ ನನ್ನ ಸಲಹೆ.

---

ಹಳೇ_ರೇಡಿಯೋಮೀಟರ್ | ಫೆಬ್ರವರಿ 13, ಮಧ್ಯಾಹ್ನ 12:30

ಅರ್ಧ ಒಪ್ಪುತ್ತೇನೆ. ಕಾರಣ ಸರಿ. ಕಳೆಯುವುದು ಬೇಡ. ರಾತ್ರಿಯ ಸೊನ್ನೆ ಹಗಲಿನ ಸೊನ್ನೆ ಅಲ್ಲ. ಹಗಲು ಗಾಳಿ ಬೇರೆ, ಆಕಾಶದ ತಂಪು ಬೇರೆ. ಆ ಸೆನ್ಸರ್‌ನ ಮೂಲ ಗುಣಕ ತೆಗೆದಾಗ ಹೀಗೆ ಕಳೆದಿದ್ದರೋ ಇಲ್ಲವೋ, ಅದೇ ಕ್ರಮದಲ್ಲಿ ನೀವೂ ಬಳಸಬೇಕು. ಹಗಲಿನ ಸೊನ್ನೆ ತಿಳಿಯಬೇಕಾದರೆ ಬಿಸಿಲಲ್ಲಿ ಗಾಜಿನ ಮೇಲೆ ಮುಚ್ಚಳ ಹಾಕಿ ಮೊದಲ ಕೆಲವು ಸೆಕೆಂಡುಗಳ ಓದು ನೋಡುತ್ತಾರೆ. ಅದೂ ಕೈ ಪಳಗಿದವರ ಕೆಲಸ. ಒಂದು ಪರ್ಸೆಂಟಿನ ಸಲುವಾಗಿ ಇವರು ಅದನ್ನೆಲ್ಲ ಮಾಡಬೇಕಾಗಿಲ್ಲ.

---

ಡೇಟಾ_ಮಂಜು | ಫೆಬ್ರವರಿ 13, ಮಧ್ಯಾಹ್ನ 12:48

ಕಳೆದರೆ ತಪ್ಪು ಕಡಿಮೆಯಾಗುತ್ತೆ ಹೊರತು ಜಾಸ್ತಿಯಾಗಲ್ಲ ಅಂತ ನನ್ನ ಅಭಿಪ್ರಾಯ. ಇರಲಿ ಬಿಡಿ.

---

ಸೋಲಾರ್_ಸೀನ | ಫೆಬ್ರವರಿ 13, ಸಂಜೆ 5:30

ಅಲ್ಲಾ, ಪೂರ್ವಕ್ಕೆ ವಾಲಿದ್ದರೆ ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ, ದಿನದ ಕೊನೆಗೆ ಒಂದಕ್ಕೊಂದು ಸರಿಹೋಗುತ್ತೆ ತಾನೇ? ತಿಂಗಳ ರೇಶಿಯೋಗೆ ಅದರಿಂದ ಏನು ಬಾಧೆ? ಧೂಳೊಂದೇ ಲೆಕ್ಕಕ್ಕೆ ಬರುವುದು.

---

ಹಳೇ_ರೇಡಿಯೋಮೀಟರ್ | ಫೆಬ್ರವರಿ 13, ರಾತ್ರಿ 9:05

ಜನವರಿ ಫೆಬ್ರವರಿಯ ಚೊಕ್ಕ ದಿನಗಳಿಗೆ ನಿಮ್ಮ ಮಾತು ಸರಿ ಸೀನಣ್ಣ. ಏಪ್ರಿಲ್ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಹಾಸನದಲ್ಲಿ ಬೆಳಿಗ್ಗೆಯೆಲ್ಲ ಬಿಸಿಲು, ಮೂರು ಗಂಟೆಗೆ ಮೋಡ ಕಟ್ಟಿ ಗುಡುಗು. ವಾಲಿದ ಸೆನ್ಸರ್ ಬೆಳಿಗ್ಗೆ ಜಾಸ್ತಿ ಬರೆದುಕೊಳ್ಳುತ್ತೆ. ಸಂಜೆ ತೀರಿಸಲು ನೇರ ಬಿಸಿಲೇ ಇರುವುದಿಲ್ಲ. ಆಗ ತಿಂಗಳ ಲೆಕ್ಕವೂ ಒಂದು ಕಡೆಗೇ ವಾಲುತ್ತೆ, ಈ ಸಲ ಪ್ಲಾಂಟಿನವರ ವಿರುದ್ಧ.

---

ಹಾಸನ_ಮೇಂಟೆನೆನ್ಸ್ | ಫೆಬ್ರವರಿ 14, ರಾತ್ರಿ 8:30

ಯಜಮಾನರಿಗೆ ಹೇಳಿದೆ. ಈಗ ಅವರದು ಹೊಸ ಪ್ರಶ್ನೆ. ಹಳೇ ತಿಂಗಳುಗಳ ರಿಪೋರ್ಟ್ ಗತಿ ಏನು? 0.966 ಹಿಡಿದರೆ 81 ಅನ್ನುವುದು 78ರ ಆಸುಪಾಸು ಬರುತ್ತೆ. ಎಲ್ಲಾ ತಿಂಗಳಿಗೂ ಅದೇ ಹಾಕಿ ಪ್ಲಾಂಟಿನವರ ಹತ್ತಿರ ಮಾತಾಡು ಅಂತಿದ್ದಾರೆ.

---

ಹಳೇ_ರೇಡಿಯೋಮೀಟರ್ | ಫೆಬ್ರವರಿ 14, ರಾತ್ರಿ 10:15

ಹಾಗೆ ಎಲ್ಲಾ ತಿಂಗಳಿಗೂ ಹಾಕಿದರೆ ಅವರು ಒಂದೇ ಪ್ರಶ್ನೆಯಲ್ಲಿ ನಿಮ್ಮನ್ನು ಕೂರಿಸುತ್ತಾರೆ: ಅಕ್ಟೋಬರ್ ಮಳೆಯಲ್ಲಿ ಗಾಜಿನ ಮೇಲೆ ಧೂಳೆಲ್ಲಿತ್ತು ಅಂತ.

ವಾಲು ಯಾವಾಗ ಬಂತು ಅನ್ನುವುದನ್ನು ಮಾತ್ರ ಹಳೇ ದಾಖಲೆಯಿಂದಲೇ ಹುಡುಕಬಹುದು, ಅದಕ್ಕೆ ಕಾಲೇಜಿನ ಸೆನ್ಸರ್ ಬೇಕಾಗಿಲ್ಲ. ಚೊಕ್ಕ ಬಿಸಿಲಿನ ಹಳೇ ದಿನಗಳನ್ನು ಆರಿಸಿ. ಸೂರ್ಯ ನೆತ್ತಿಗೆ ಬಂದ ಹೊತ್ತಿನಿಂದ ಮೂರು ಗಂಟೆ ಹಿಂದಿನ ಓದು, ಮೂರು ಗಂಟೆ ಮುಂದಿನ ಓದು, ಎರಡನ್ನೂ ಹೋಲಿಸಿ. ಮಟ್ಟವಿದ್ದರೆ ಸಮ. 2 ಡಿಗ್ರಿ ವಾಲಿದ್ದರೆ ಬೆಳಿಗ್ಗೆಯದು 6 ಪರ್ಸೆಂಟಿನಷ್ಟು ಜಾಸ್ತಿ.

12:40 ಅಂತ ಹಿಡಿದು ಕೂರಬೇಡಿ. ನವೆಂಬರ್ ಮೊದಲ ವಾರದಲ್ಲಿ ಹಾಸನಕ್ಕೆ ಸೂರ್ಯ ನೆತ್ತಿಗೆ ಬರುವುದು 12:09ಕ್ಕೆ, ಕ್ರಿಸ್‌ಮಸ್ ಹೊತ್ತಿಗೆ 12:26ಕ್ಕೆ. ನವೆಂಬರ್ ದಾಖಲೆಗೆ 12:40 ಬಳಸಿದರೆ ಮಟ್ಟವಿದ್ದ ಸೆನ್ಸರೂ ಪೂರ್ತಿ ವಾಲಿದ ಹಾಗೆ ಕಾಣುತ್ತೆ.

---

ಹಾಸನ_ಮೇಂಟೆನೆನ್ಸ್ | ಫೆಬ್ರವರಿ 17, ರಾತ್ರಿ 9:50

ಹುಡುಕಿದೆ. ನವೆಂಬರ್‌ನ ಚೊಕ್ಕ ದಿನಗಳಲ್ಲಿ ಬೆಳಿಗ್ಗೆ ಸಂಜೆ ಒಂದು ಪರ್ಸೆಂಟಿನೊಳಗೆ ಸಮ. ಡಿಸೆಂಬರ್ ಮಧ್ಯದಿಂದ ಬೆಳಿಗ್ಗೆಯದು 5ರಿಂದ 7 ಪರ್ಸೆಂಟ್ ಜಾಸ್ತಿ. ಅದರ ಹಿಂದಿನ ವಾರ ಪ್ಯಾನೆಲ್ ತೊಳೆಯಲು ಜನ ಹತ್ತಿದ್ದರು. ಕಂಬ ಹಿಡಿದು ನಿಂತರೋ, ಪೈಪ್ ಎಳೆದರೋ ಗೊತ್ತಿಲ್ಲ. ವಾಲು ಅಲ್ಲಿಂದಲೇ ಅಂತ ಹೇಳಬಹುದು.

ಧೂಳಿನ ಕಥೆ ಬಗೆಹರಿದಿಲ್ಲ. ತೊಳೆಯುವವರು ಪ್ಯಾನೆಲ್ ಜೊತೆ ಗಾಜನ್ನೂ ಒರೆಸಿದ್ದರೋ ಇಲ್ಲವೋ, ಯಾರೂ ಬರೆದಿಟ್ಟಿಲ್ಲ. ಪ್ಲಾಂಟಿನವರು ಒರೆಸಿದ್ದೇವೆ ಅಂತಾರೆ. ಹಲ್ಲಿಂಗ್ ಶುರುವಾದದ್ದು ಜನವರಿಯಲ್ಲಿ, ಹಾಗಾಗಿ 2.2 ಪರ್ಸೆಂಟನ್ನು ಜನವರಿಗೆ ಪೂರ್ತಿ ಹಾಕಬೇಕಾ, ಅರ್ಧ ಹಾಕಬೇಕಾ?

---

ಸೋಲಾರ್_ಸೀನ | ಫೆಬ್ರವರಿ 17, ರಾತ್ರಿ 10:10

ಅರ್ಧಕ್ಕೆ ಒಪ್ಪಂದ ಮಾಡಿಕೊಳ್ಳಿ, ಕಾಫಿ ಕುಡಿಸಿ ಕಳಿಸಿ.

---

ಹಳೇ_ರೇಡಿಯೋಮೀಟರ್ | ಫೆಬ್ರವರಿ 17, ರಾತ್ರಿ 11:00

ಜನವರಿಗೆ ಯಾವ ಅಂಕಿ ಹಾಕಿದರೂ ಅದು ಊಹೆಯೇ. ಹಲ್ಲಿಂಗ್ ಇನ್ನೂ ನಡೆಯುತ್ತಿದೆ ಅಲ್ವಾ? ಈಗ ಗಾಜು ಒರೆಸದೆ ಒಂದು ವಾರ ಬಿಡಿ, ಕಾಲೇಜಿನದನ್ನು ದಿನಾ ಒರೆಸಿ, ಮಧ್ಯಾಹ್ನದ ಅನುಪಾತ ದಿನಕ್ಕೆ ಎಷ್ಟು ಇಳಿಯುತ್ತೆ ಬರೆದುಕೊಳ್ಳಿ. ವಾರಕ್ಕೆ ಅರ್ಧ ಪರ್ಸೆಂಟ್ ಇಳಿದರೆ 2.2 ಆಗಲು ಒಂದು ತಿಂಗಳ ಮೇಲೆ ಬೇಕು, ಆಗ ಜನವರಿಯಲ್ಲಿ ಯಾರೂ ಒರೆಸಿಲ್ಲ ಅಂತ ವಾದಿಸಬಹುದು. ಎರಡೇ ದಿನದಲ್ಲಿ 2 ಪರ್ಸೆಂಟ್ ಇಳಿದರೆ ಅವರು ಹೇಳುವುದೂ ನಿಜವಿರಬಹುದು. ಕಾಲೇಜಿನವರು ಸೆನ್ಸರನ್ನು ಇನ್ನೊಂದು ವಾರ ಬಿಡುತ್ತಾರಾ ಕೇಳಿ ನೋಡಿ.

---

ಹಾಸನ_ಮೇಂಟೆನೆನ್ಸ್ | ಫೆಬ್ರವರಿ 18, ಬೆಳಿಗ್ಗೆ 10:25

ಕೇಳಿದೆ. 28ರವರೆಗೆ ಇಟ್ಟುಕೊಳ್ಳಿ ಅಂದಿದ್ದಾರೆ. ಇವತ್ತು ಬೆಳಿಗ್ಗೆ ಎರಡೂ ಒರೆಸಿ ಶುರು ಮಾಡಿದ್ದೇನೆ. ನಮ್ಮದಕ್ಕೆ "ಮುಟ್ಟಬೇಡಿ" ಅಂತ ಚೀಟಿ ಕಟ್ಟಿದ್ದೇನೆ, ನೆರಳು ಬೀಳದ ಹಾಗೆ ಬುಡದಲ್ಲಿ.